ಒಂಟೆಯಿಲ್ಲದವಳು ನಾನು

ಪಿಯುಸಿಯಲ್ಲಿ ಸಂಸ್ಕೃತ ತೆಗೆದುಕೊಂಡು, ಬಹುಪಾಲು ಉತ್ತರಗಳನ್ನು ಕನ್ನಡದಲ್ಲೇ ಬರೆದು, ನೂರಕ್ಕೆ 96 ಅಂಕ ಗಳಿಸಿದ ಪುಣ್ಯವಂತರಲ್ಲಿ ನಾನೂ ಒಬ್ಬ. ಆ ಅಂಕಪಟ್ಟಿ ಎಲ್ಲಿದೆಯೆಂದು ನನಗೇ ಗೊತ್ತಿಲ್ಲ. ಆದರೆ ನಮ್ಮ ಅಕ್ಕನ ಮನೆಯಲ್ಲಿ ಅದರ ಕೀರ್ತಿ ಇನ್ನೂ ಮಾಸಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗಳು ಒಂದು ಬುಧವಾರ ರಾತ್ರಿ ನನಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ, "ಮಾಮ, ಶನಿವಾರ ಕೈಮೇಲೆ ಇದನ್ನ ಹಚ್ಚೆ ಹಾಕಿಸ್ಕೋತಿದೀನಿ. ಸರಿ ಇದೆಯಾ ನೋಡು, ಅಮ್ಮನಿಗೆ ಹೇಳಬೇಡ" ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಫೋಟೋದಲ್ಲಿದ್ದುದು ಯಾರೋ ಅಪರಿಚಿತ ಹುಡುಗನ ತೋಳು. ಅದರ ಮೇಲೆ ನಾಗರಿ ಲಿಪಿಯಲ್ಲಿ "ಅಹಮ ಅಭಯಃ ಅಸ್ಮಿ" ಎಂದಿತ್ತು. ನಾನು ಭಯವಿಲ್ಲದವನು ಎಂಬ ಅರ್ಥ. ಮೇಲ್ನೋಟಕ್ಕೆ ಗಂಭೀರವಾಗಿಯೇ ಇದ್ದುದರಿಂದ ನಾನು ಹೆಬ್ಬೆಟ್ಟಿನ ಚಿತ್ರವೊಂದನ್ನು ಒತ್ತಿ ಮಲಗಿದೆ. ನಡುರಾತ್ರಿ ಎಚ್ಚರವಾದಾಗ ಹೊಳೆದದ್ದೇನೆಂದರೆ, ಆ ವಾಕ್ಯದಲ್ಲಿ ಭಯವಿಲ್ಲದಿರುವುದು ಗಂಡಸಿಗೆ. ಹುಡುಗಿಯಾದವಳು "ಅಭಯಾ" ಎನ್ನಬೇಕು. ಅಲ್ಲದೆ "ಅಹಮ್" ಎಂಬುದರ ಕೊನೆಯ ಮಕಾರಕ್ಕೆ, ಅದನ್ನು ಅರ್ಧಾಕ್ಷರವಾಗಿಸುವ ಹಲಂತದ ಗುರುತೇ ಇರಲಿಲ್ಲ. ಹಾಗೇ ಬಿಟ್ಟರೆ ಹಿಂದಿ ಬಲ್ಲವರು ಅದನ್ನು "ಮುಖ್ಯವಾದ" ಎಂಬ ಅರ್ಥದ ತಮ್ಮ ಪದವೆಂದೇ ಓದಿಕೊಳ್ಳುತ್ತಾರೆ.

ಬೆಳಿಗ್ಗೆ ಏಳುತ್ತಲೇ ತಿದ್ದಿ ಕಳಿಸಿದೆ. "ಅಸ್ಮಿ" ಎಂಬ ಕ್ರಿಯಾಪದದಲ್ಲೇ "ನಾನು" ಅಡಗಿರುವುದರಿಂದ "ಅಹಮ್" ಬೇಕಿಲ್ಲ, ಹಲಂತದ ತಂಟೆಯೂ ಇಲ್ಲ. ಉಳಿದದ್ದು "ಅಭಯಾ ಅಸ್ಮಿ". ದೇವಾಲಯದ ಉದಾಹರಣೆ ಕೊಟ್ಟು ಮೇಷ್ಟ್ರು ಕಲಿಸಿದ ಸವರ್ಣದೀರ್ಘ ಸಂಧಿ ಮಾಡಿದರೆ "ಅಭಯಾಸ್ಮಿ". ಗಂಡಸಿನ ವಾಕ್ಯಕ್ಕೆ ಸಂಧಿ ಮಾಡಿದ್ದರೆ ಅದು "ಅಭಯೋಽಸ್ಮಿ" ಆಗುತ್ತಿತ್ತಾದ್ದರಿಂದ, ಸಂಧಿಯಾದ ಮೇಲೂ ಹೆಣ್ಣು ಹೆಣ್ಣಾಗಿಯೇ ಉಳಿಯುತ್ತಾಳೆ ಎಂಬ ವಿವರಣೆಯನ್ನೂ ಸೇರಿಸಿದೆ. 96 ಅಂಕ ಸಾರ್ಥಕವಾಯಿತೆನಿಸಿತು. ಸಂಜೆಯ ಹೊತ್ತಿಗೆ ಅವಳು ಹಚ್ಚೆ ಅಂಗಡಿಯವರು ಬರೆದುಕೊಟ್ಟ ವಿನ್ಯಾಸವನ್ನು ಕಳಿಸಿದಳು. ಅಕ್ಷರಗಳ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾದ ಗೆರೆ; ನೋಡಲು ಬಹಳ ಸೊಗಸಾಗಿತ್ತು.

ಹಿಂದಿನ ರಾತ್ರಿಯ ಅನುಭವದಿಂದ ಕೊಂಚ ಬುದ್ಧಿ ಬಂದಿದ್ದುದರಿಂದ, ಮೈಸೂರಿನ ನಮ್ಮ ಬೀದಿಯ ಕೊನೆಯಲ್ಲಿರುವ ನಿವೃತ್ತ ಸಂಸ್ಕೃತ ಪಂಡಿತರ ಮನೆಗೆ ಹೋಗಿ ಅದನ್ನು ತೋರಿಸಿದೆ. ಅವರು ಮೊಬೈಲನ್ನು ಮೂಗಿನ ಹತ್ತಿರಕ್ಕೆ ತಂದು, ದೂರಕ್ಕೆ ಹಿಡಿದು, ಮತ್ತೆ ಹತ್ತಿರಕ್ಕೆ ತಂದು ಕೇಳಿದರು: "ಮಗುವಿಗೆ ಒಂಟೆ ಯಾಕ್ರೀ ಬೇಕಿತ್ತು?"

ನನಗೆ ಅರ್ಥವಾಗಲಿಲ್ಲ. ಅವರು ಕಾಗದ ತೆಗೆದು ನಾಗರಿಯ ಭಕಾರವನ್ನೂ ಮಕಾರವನ್ನೂ ಅಕ್ಕಪಕ್ಕದಲ್ಲಿ ಬರೆದರು. ಎರಡಕ್ಕೂ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಮಕಾರದ ನೆತ್ತಿಯ ಗೆರೆ ಪೂರ್ತಿ ಮುಚ್ಚಿರುತ್ತದೆ. ಭಕಾರದಲ್ಲಿ ಎಡಗಡೆ ಒಂದು ಸಣ್ಣ ಸುರುಳಿಯಿದ್ದು, ಅಲ್ಲಿ ಗೆರೆ ತುಂಡಾಗಿ ಬಾಯಿ ತೆರೆದಿರುತ್ತದೆ. ಧಕಾರಕ್ಕೂ ಘಕಾರಕ್ಕೂ ಇರುವ ವ್ಯತ್ಯಾಸವೂ ಹೆಚ್ಚುಕಡಿಮೆ ಇಂಥದೇ. ಅಂದಕ್ಕೆಂದು ಯಾರಾದರೂ ಉದ್ದಕ್ಕೂ ಒಂದೇ ಗೆರೆ ಎಳೆದುಬಿಟ್ಟರೆ ಆ ಬಾಯಿ ಮುಚ್ಚಿಹೋಗಿ "ಅಭಯಾ" ಎಂಬುದು "ಅಮಯಾ" ಆಗುತ್ತದೆ. "ಮಯ" ಎಂದರೆ ಒಂಟೆಯೆಂದು ಅಮರಕೋಶದಲ್ಲೇ ಇದೆ. ಮಯವಿಲ್ಲದವಳು ಅಮಯಾ. "ಒಂಟೆಯಿಲ್ಲದವಳಾಗಿದ್ದೇನೆ. ವ್ಯಾಕರಣದ ಪ್ರಕಾರ ದೋಷವೇನೂ ಇಲ್ಲ ನೋಡಿ" ಎಂದರು. ನಿಜಾಂಶದ ದೃಷ್ಟಿಯಿಂದಲೂ ದೋಷವಿರಲಿಲ್ಲ; ಅವಳ ಬಳಿ ಇರುವುದು ಒಂದು ಸ್ಕೂಟರ್ ಮಾತ್ರ.

ಗೆರೆಯನ್ನು ತುಂಡರಿಸಿದರೆ ಸಾಕಲ್ಲವೇ ಎಂದು ಕೇಳಿದೆ. ಸಾಕು, ಆದರೆ ಆಗ ಓದುವವರಿಗೆ ಅಳಲೆಕಾಯಿ ಸಿಗಬಹುದು ಎಂದರು. ಸ್ತ್ರೀಲಿಂಗದ "ಅಭಯಾ" ಎಂಬುದು ಅದೇ ಅಮರಕೋಶದಲ್ಲಿ ಹರೀತಕಿಯ ಹೆಸರು. ಅಂದರೆ ನಮ್ಮ ಅಜ್ಜಿಯರು ಹೊಟ್ಟೆ ಕಟ್ಟಿದ ಮಕ್ಕಳಿಗೆ ಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಿದ್ದ ಅಳಲೆಕಾಯಿ. "ಅಭಯಾಸ್ಮಿ" ಎಂದರೆ ಭಯವಿಲ್ಲದವಳು ಎಂಬ ಅರ್ಥವೂ ಉಂಟು, ನಾನು ಅಳಲೆಕಾಯಿ ಎಂಬ ಅರ್ಥವೂ ಉಂಟು. ಯಾವುದನ್ನು ಹಿಡಿಯಬೇಕೆಂಬುದು ಓದುವವನ ಸಂಸ್ಕಾರಕ್ಕೆ ಬಿಟ್ಟದ್ದು. ನಾನು ಇಷ್ಟು ಹೊತ್ತು ಹೆಮ್ಮೆಪಟ್ಟಿದ್ದು ಇದಕ್ಕಾಗಿ.

ಪಂಡಿತರು ಕೊಟ್ಟ ಪರಿಹಾರ ಎರಡೇ ಪದಗಳದು: "ನ ಬಿಭೇಮಿ." ನಾನು ಹೆದರುವುದಿಲ್ಲ. ವಿಶೇಷಣವಿದ್ದರೆ ತಾನೇ ಗಂಡೋ ಹೆಣ್ಣೋ ಎಂಬ ಪ್ರಶ್ನೆ. ಇದು ಕ್ರಿಯಾಪದ, ಸಂಸ್ಕೃತದ ಇಂಥ ಕ್ರಿಯಾಪದಕ್ಕೆ ಲಿಂಗವಿಲ್ಲ. ಕನ್ನಡದಲ್ಲಿ "ಹೆದರುತ್ತಾನೆ, ಹೆದರುತ್ತಾಳೆ" ಎನ್ನುವ ನಮಗೂ "ಹೆದರುತ್ತೇನೆ" ಎನ್ನುವಾಗ ಆ ಭೇದವಿಲ್ಲವಷ್ಟೆ. ಸಂಧಿಯಿಲ್ಲ, ವಿಸರ್ಗವಿಲ್ಲ, ಹಲಂತವಿಲ್ಲ, ಒತ್ತಕ್ಷರವೂ ಇಲ್ಲ. ಇನ್ನೊಂದು ಅನುಕೂಲವೆಂದರೆ ಭಕಾರ ಮಕಾರಗಳೆರಡೂ ಈ ಪದದಲ್ಲಿ ಅಕ್ಕಪಕ್ಕದಲ್ಲೇ ಇರುವುದರಿಂದ, ಎರಡೂ ಒಂದೇ ರೀತಿ ಕಂಡರೆ ಸಂಸ್ಕೃತದ ಗಂಧವಿಲ್ಲದವರಿಗೂ ತಪ್ಪು ತಿಳಿದುಬಿಡುತ್ತದೆ.

ಶನಿವಾರ ನಾನೇ ಬೆಂಗಳೂರಿಗೆ ಹೋದೆ. ಅಂಗಡಿಯ ಹುಡುಗ, ಅವಳು ಮೆಸೇಜಿನಲ್ಲಿ ಕಳಿಸಿದ್ದ ಅಕ್ಷರಗಳನ್ನು ತನ್ನ ಕಂಪ್ಯೂಟರಿನ ಚಿತ್ರ ಬಿಡಿಸುವ ತಂತ್ರಾಂಶಕ್ಕೆ ಅಂಟಿಸಿ, ಅಚ್ಚಿನ ಕಾಗದವನ್ನು ಅವಳ ಮುಂಗೈಗೆ ಒತ್ತಿ ತೆಗೆದಿದ್ದ. ನೇರಳೆ ಬಣ್ಣದಲ್ಲಿ ಮೂಡಿದ್ದನ್ನು ಓದಿದರೆ "ನ ಬಭಿ" ಎಂದು ಶುರುವಾಗಿ ಮುಂದೆ ಯಾವ ಭಾಷೆಗೂ ಸೇರದಂತಿತ್ತು. ಕನ್ನಡದ ಗುಡಿಸು ಅಕ್ಷರದ ತಲೆಯ ಮೇಲೆ ಕೂರುತ್ತದೆ. ನಾಗರಿಯ ಇಕಾರವಾದರೋ ಅಕ್ಷರದ ಎಡಗಡೆಗೆ ಬಂದು ಕಂಬದಂತೆ ನಿಲ್ಲಬೇಕು. ಟೈಪ್ ಮಾಡುವಾಗ ಮೊದಲು ಬಕಾರ, ಆಮೇಲೆ ಇಕಾರ. ಅದನ್ನು ಎಡಕ್ಕೆ ತಂದು ನಿಲ್ಲಿಸುವ ಕೆಲಸ ತಂತ್ರಾಂಶದ್ದು. ಭಾರತೀಯ ಲಿಪಿಗಳ ಈ ಜೋಡಣೆಯನ್ನು ಅರಿಯದ ತಂತ್ರಾಂಶವಾದರೆ ಟೈಪ್ ಮಾಡಿದ ಕ್ರಮದಲ್ಲೇ ಬಿಟ್ಟುಬಿಡುತ್ತದೆ. ಆಗ ಬಕಾರದ ಕಂಬ ಪಕ್ಕದ ಮನೆಯ ಭಕಾರಕ್ಕೆ ಸೇರುತ್ತದೆ, ಕೊನೆಯ ಮಕಾರದ ಕಂಬ ಮಾತ್ರ ಯಾರೂ ಇಲ್ಲದೆ ಬೀದಿಯಲ್ಲಿ ನಿಲ್ಲುತ್ತದೆ. ಪುಣ್ಯಕ್ಕೆ ಸೂಜಿ ಮುಟ್ಟುವವರೆಗೆ ಅದು ಬರೀ ಬಣ್ಣ. ಹುಡುಗ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದ. ಪಂಡಿತರು ಕೈಯಾರೆ ಬರೆದುಕೊಟ್ಟಿದ್ದ ಚೀಟಿಯ ಫೋಟೋವನ್ನು ಈ ಸಲ ಚಿತ್ರವಾಗಿಯೇ ಕೊಟ್ಟೆವು.

ಎರಡನೆಯ ಅಚ್ಚನ್ನು ಅವಳು ಕನ್ನಡಿಯಲ್ಲಿ ನೋಡಿಕೊಂಡು ಉಲ್ಟಾ ಇದೆಯೆಂದು ಕಿರುಚಿದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿತ್ತು. ಫೋಟೋ ತೆಗೆದು ಪಂಡಿತರಿಗೆ ಕಳಿಸಿದೆವು. ಅವರು ಫೋನ್ ಮಾಡಿ, ಭಕಾರದ ಬಾಯಿ ಇನ್ನೂ ಸ್ವಲ್ಪ ತೆರೆಯಲಿ ಎಂದರು. ಹುಡುಗನೂ ತಲೆದೂಗಿದ: ವರ್ಷಗಳು ಕಳೆದಂತೆ ಶಾಯಿ ಚರ್ಮದೊಳಗೆ ಹರಡಿ ಗೆರೆಗಳು ದಪ್ಪವಾಗುತ್ತವೆ, ಕಿರಿದಾದ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಂದರೆ ಈಗ ಅಂಜದವಳು ನಲವತ್ತರ ಹೊತ್ತಿಗೆ "ಬಿಮೇಮಿ" ಎಂಬ ಅರ್ಥವಿಲ್ಲದ ಸ್ಥಿತಿ ತಲುಪುತ್ತಾಳೆ. ಅಕ್ಷರಗಳನ್ನು ಒಂದಿಷ್ಟು ದೊಡ್ಡದು ಮಾಡಿ, ಸಂದನ್ನು ಗೆರೆಯ ದಪ್ಪಕ್ಕಿಂತ ಎರಡು ಪಟ್ಟು ಅಗಲಿಸಿ, ಮೂರನೆಯ ಸಲ ಅಚ್ಚೊತ್ತಿದ ಮೇಲೆ ಸೂಜಿ ಚಾಲೂ ಆಯಿತು.

ಅಕ್ಕನಿಗೆ ವಿಷಯ ತಿಳಿಯಲು ಒಂದು ವಾರವೂ ಹಿಡಿಯಲಿಲ್ಲ. ಅವಳ ಸಿಟ್ಟು ಇಳಿಯಲೆಂದು ನಾನು ಒಂಟೆಯಿಂದ ಹಿಡಿದು ಅಳಲೆಕಾಯಿಯವರೆಗೆ ನಡೆದದ್ದನ್ನೆಲ್ಲ ವಿವರಿಸಿ, ಎಷ್ಟು ಶ್ರಮಪಟ್ಟು ತಪ್ಪಿಸಿದೆನೆಂದು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಳಲೆಕಾಯಿ ಅಂತಾನೇ ಇರಲಿ ಅನ್ನಬಾರದಿತ್ತೇನೋ? ಅದಾದರೂ ಮನೆಯಲ್ಲಿ ನಾಲ್ಕು ಜನರಿಗೆ ಉಪಯೋಗಕ್ಕೆ ಬರೋ ವಸ್ತು" ಎಂದು ಫೋನ್ ಇಟ್ಟಳು.