ಸಾಂದರ್ಭಿಕ ಗ್ರೈಂಡರ್

ನಮ್ಮ ಮನೆ ಗೇಟಿನ ಕೆಳಗಿನ ಕಂಬಿ ತುಕ್ಕು ಹಿಡಿದು ನೆಲಕ್ಕೆ ಉಜ್ಜುತ್ತಿತ್ತು. ಬೀದಿ ತಿರುವಿನ ವೆಲ್ಡರ್ ಅಣ್ಣ "ನಾಳೆ ಬರ್ತೀನಿ ಸಾರ್" ಅಂದು ಮೂರು ವಾರ ಆಗಿತ್ತು. ನಾನೇ ಕತ್ತರಿಸಿಬಿಡ್ತೀನಿ ಅಂತ ಪೌರುಷ ಬಂತು. ನಾಲ್ಕು ಇಂಚಿನ, 850 ವಾಟ್‌ನ ಆ್ಯಂಗಲ್ ಗ್ರೈಂಡರ್ ಹುಡುಕುತ್ತಾ ಫೋನ್ ಹಿಡಿದು ಕೂತೆ.

ಏನು ಫೋಟೋಗಳು ಸ್ವಾಮಿ! ಮದುವೆ ಆಲ್ಬಮ್‌ನಲ್ಲಿ ವರನಿಗೂ ಅಷ್ಟು ಬೆಳಕು ಬಿಟ್ಟಿರುವುದಿಲ್ಲ. ಗ್ರೈಂಡರ್ ಮೂತಿ ಬೆಳ್ಳಿ ತಟ್ಟೆಯ ಹಾಗೆ ಫಳಫಳ. ನಿಜದಲ್ಲಿ ಆ ಮೂತಿ ಅಚ್ಚು ಹೊಯ್ದ ಅಲ್ಯೂಮಿನಿಯಂ. ಅದರ ಮೈ ರವೆ ಉದುರಿಸಿದಂತೆ ತರಿತರಿ, ಬಣ್ಣ ಬೂದು. ಅದು ಮುಖ ಕಾಣುವ ಹಾಗೆ ಹೊಳೆಯುವುದೇ ಇಲ್ಲ.

ಹೊಳೆಯುವ ಲೋಹದ ಫೋಟೋ ತೆಗೆಯುವುದು ಕಷ್ಟದ ಕೆಲಸ, ಒಪ್ಪುತ್ತೇನೆ. ಸ್ಟೀಲ್ ತಂಬಿಗೆಯನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ ನೋಡಿ. ತಂಬಿಗೆ ಕಾಣುವುದಿಲ್ಲ, ಹೊಟ್ಟೆ ಊದಿದ ನೀವು ಕಾಣುತ್ತೀರಿ. ಲೋಹಕ್ಕೆ ಸ್ವಂತ ಮುಖ ಕಮ್ಮಿ, ಸುತ್ತ ಏನಿದೆಯೋ ಅದೇ ಅದರ ಮುಖ. ಅದಕ್ಕೇ ಬಲ್ಲ ಫೋಟೋಗ್ರಾಫರುಗಳು ಸುತ್ತಲೂ ಬಿಳಿ ಬಟ್ಟೆ ಕಟ್ಟಿ, ಅಂಚು ಎದ್ದು ಕಾಣಲಿ ಅಂತ ಪಕ್ಕದಲ್ಲಿ ಕಪ್ಪು ರಟ್ಟು ನಿಲ್ಲಿಸುತ್ತಾರೆ. ಅರ್ಧ ದಿನ ಹಿಡಿಯುತ್ತದೆ. ನಮ್ಮ ಮಾರಾಟಗಾರರಿಗೆ ಅಷ್ಟು ಪುರುಸೊತ್ತು ಎಲ್ಲಿ? ಕಂಪ್ಯೂಟರಿನಲ್ಲಿ ಗ್ರೈಂಡರ್ ಬರೆಸಿ, ಯಾವುದೋ ಆಕಾಶವನ್ನು ಅದರ ಮೈಗೆ ಅಂಟಿಸಿಬಿಡುತ್ತಾರೆ. ನಾನು ಜೂಮ್ ಮಾಡಿ ನೋಡಿದೆ. ಗ್ರೈಂಡರ್ ಇರುವುದು ಕಿಟಕಿಯೇ ಇಲ್ಲದ ಕೋಣೆಯಲ್ಲಿ. ಅದರ ಮೂತಿಯಲ್ಲಿ ಮಾತ್ರ ನೀಲಿ ಆಕಾಶ, ಎರಡು ಮರ.

ಇನ್ನು ಹಿಡಿಕೆ. ರಬ್ಬರ್ ಗ್ರಿಪ್ ಅಂತ ಬರೆದಿದ್ದಾರೆ. ರಬ್ಬರ್ ಬೆಳಕನ್ನು ಕುಡಿಯುವ ವಸ್ತು. ಪಕ್ಕದಿಂದ ಓರೆ ಬೆಳಕು ಬಿಟ್ಟರೆ ಅದರ ಗೀರು, ಗುಳ್ಳೆ ಮೆಲ್ಲಗೆ ಕಾಣಬೇಕು. ಇಲ್ಲಿ ಅದು ತುಪ್ಪ ಸವರಿದ ದೋಸೆಯ ಹಾಗೆ ಮಿಂಚುತ್ತಿದೆ. ಹಾಗೆ ಮಿಂಚುವ ಹಿಡಿಕೆ ಬಹುಪಾಲು ಕಪ್ಪು ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನದು. ಪಾರ್ಸೆಲ್ ಬಂದಾಗ ಉಗುರು ಒತ್ತಿ ನೋಡಿದೆ, ಉಗುರಿಗೇ ನೋವಾಯಿತು.

ಆದರೆ ನನ್ನನ್ನು ನಿಜಕ್ಕೂ ಮರುಳು ಮಾಡಿದ್ದು ಪ್ಲಗ್ಗು. ಒಂದೇ ಗ್ರೈಂಡರ್‌ಗೆ ಏಳು ಫೋಟೋ, ಏಳರಲ್ಲಿ ಮೂರು ಬಗೆಯ ಪ್ಲಗ್. ಮೊದಲನೆಯದರಲ್ಲಿ ಅಮೆರಿಕದ ಚಪ್ಪಟೆ ಪಿನ್ನು. ಅಲ್ಲಿಯ ಕರೆಂಟು 120 ವೋಲ್ಟ್. ಆ ಮೋಟಾರನ್ನು ತಂದು ನಮ್ಮ 230ಕ್ಕೆ ಕೊಟ್ಟರೆ ಗೇಟಿಗಿಂತ ಮೊದಲು ಗ್ರೈಂಡರೇ ಹೊಗೆಯಾಡುತ್ತದೆ. ಮೂರನೆಯದರಲ್ಲಿ ಇಂಗ್ಲೆಂಡಿನ ಮೂರು ಚೌಕ ಪಿನ್ನು. ನಾಲ್ಕನೆಯದರಲ್ಲಿ ಯುರೋಪಿನ ತೆಳು ಎರಡು ಪಿನ್ನು. ಮಿಕ್ಕ ನಾಲ್ಕರಲ್ಲಿ ವೈರು ಮೇಜಿನ ಅಂಚಿಗೆ ಬಂದು ಮಾಯ. ಪಾಸ್‌ಪೋರ್ಟ್ ಇಲ್ಲದೆ ಇಷ್ಟು ದೇಶ ಸುತ್ತಿದ ಯಂತ್ರ ಬೇರೆ ಇರಲಿಕ್ಕಿಲ್ಲ. ನಮ್ಮ ಗೋಡೆಗೆ ಹೋಗುವ ದುಂಡು ಪಿನ್ನಿನ ಪ್ಲಗ್ ಮಾತ್ರ ಒಂದರಲ್ಲೂ ಇಲ್ಲ.

ಎರಡು ಪಿನ್ನು ಇದ್ದ ಮಾತ್ರಕ್ಕೆ ತಪ್ಪು ಅಂತಲ್ಲ. ಗ್ರೈಂಡರ್ ಮೈಮೇಲಿನ ಚೀಟಿಯಲ್ಲಿ ಒಂದು ಚೌಕದೊಳಗೆ ಇನ್ನೊಂದು ಚೌಕ ಬರೆದಿದ್ದರೆ ಅದಕ್ಕೆ ಎರಡು ಪದರ ನಿರೋಧಕ ಇದೆ, ಅರ್ಥಿಂಗ್ ಬೇಡ ಅಂತ ಅರ್ಥ. ತಕರಾರು ಇರುವುದು ಪಿನ್ನಿನ ದಪ್ಪದಲ್ಲಿ. ಯುರೋಪಿನ ಆ ತೆಳು ಪಿನ್ನು 4 ಮಿಲಿಮೀಟರ್. ನಮ್ಮ 6 ಆ್ಯಂಪ್ ಪ್ಲಗ್ಗಿನದು 5 ಚಿಲ್ಲರೆ. ಹಾಕಿದರೆ ಒಳಗೆ ಲೊಡಲೊಡ ಅನ್ನುತ್ತದೆ, ಬಿಸಿಯಾಗುತ್ತದೆ, ಕಿಡಿ ಹಾರುತ್ತದೆ. ಅದಕ್ಕಿಂತ ಮಜಾ ಏನೆಂದರೆ, ಆ ಪ್ಲಗ್ ತಡೆಯುವುದು ಎರಡೂವರೆ ಆ್ಯಂಪ್ ಮಾತ್ರ. 850 ವಾಟನ್ನು 230ರಿಂದ ಭಾಗಿಸಿ ನೋಡಿ, ಹೆಚ್ಚು ಕಮ್ಮಿ 3.7 ಆ್ಯಂಪ್. ಅಂದರೆ ಯುರೋಪಿನಲ್ಲೂ ಆ ಫೋಟೋ ಸುಳ್ಳೇ!

ಏಳು ಫೋಟೋಗಳ ಪೈಕಿ ನನ್ನ ಮನೆಗೆ ಸತ್ಯವಾಗಿ ಬಂದದ್ದು ಒಂದೇ: ಆ ತೆಳು ಪ್ಲಗ್ಗು.

ನಮ್ಮ ಹೊಸ ಸಾಕೆಟ್ಟಿಗೆ ಅದು ಹೋಗಲೇ ಇಲ್ಲ. ಮಕ್ಕಳು ಕಡ್ಡಿ ಚುಚ್ಚದಿರಲಿ ಅಂತ ಈಗ ಒಳಗೆ ಪುಟ್ಟ ಬಾಗಿಲು ಇಡುತ್ತಾರೆ. ಮೇಲಿನ ಉದ್ದ, ದಪ್ಪ ಅರ್ಥಿಂಗ್ ಪಿನ್ನು ಮೊದಲು ಹೊಕ್ಕು ಆ ಬಾಗಿಲು ತೆಗೆಯಬೇಕು. ಎರಡು ಪಿನ್ನಿನವನಿಗೆ ಪ್ರವೇಶ ಇಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತು. ಮೇಲಿನ ತೂತಿಗೆ ಬಾಲ್ ಪೆನ್ ಚುಚ್ಚಿ, ಕೆಳಗೆ ಪ್ಲಗ್ ತುರುಕುವುದು. ಆ ಪೆನ್ನಿನ ಫೋಟೋ ಕ್ಯಾಟಲಾಗಿನಲ್ಲಿ ಯಾಕಿಲ್ಲವೋ. ಪೆಟ್ಟಿಗೆಯೊಳಗೆ ಒಂದು ಪೆನ್ನು ಉಚಿತ ಕೊಟ್ಟಿದ್ದರೂ ಸಮಾಧಾನ ಆಗುತ್ತಿತ್ತು.

ಫೋಟೋದಲ್ಲಿರುವ ವರ್ಕ್‌ಶಾಪ್ ವಿಷಯ ಹೇಳದಿದ್ದರೆ ಅನ್ಯಾಯ. ಗೋಡೆ ತುಂಬ ಸ್ಪ್ಯಾನರುಗಳು ಎತ್ತರದ ಪ್ರಕಾರ ಪ್ರಾರ್ಥನೆಗೆ ನಿಂತಿವೆ. ಮೇಜಿನ ಮೇಲೆ ಒಂದು ಚೂರು ಕಬ್ಬಿಣದ ಪುಡಿ ಇಲ್ಲ. ನಮ್ಮ ವೆಲ್ಡರ್ ಅಣ್ಣನ ಶೆಡ್ಡಿನಲ್ಲಿ ಕಾಲಿಟ್ಟರೆ ಚಪ್ಪಲಿಗೆ ಮೊಳೆ, ಗೋಡೆಗೆ ಹಳೇ ವರ್ಷದ ಕ್ಯಾಲೆಂಡರು, ಎಲ್ಲ ಯಂತ್ರದ ಹಣೆ ಮೇಲೂ ಹೋದ ಆಯುಧಪೂಜೆಯ ಕುಂಕುಮ. ಫೋಟೋದ ಯಂತ್ರಗಳಿಗೆ ಪೂಜೆಯೇ ಆಗಿಲ್ಲ. ನಂಬೋದು ಹೇಗೆ?

ಅದೇ ಚಿತ್ರದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯವನೊಬ್ಬ ಕಬ್ಬಿಣ ಕೊಯ್ಯುತ್ತಿದ್ದಾನೆ. ಕನ್ನಡಕ ಹಣೆ ಮೇಲಿದೆ. ಕಿಡಿಗಳು ಡಿಸ್ಕಿನ ಸುತ್ತ ನಾಲ್ಕೂ ದಿಕ್ಕಿಗೆ, ದೀಪಾವಳಿಯ ವಿಷ್ಣುಚಕ್ರದ ಹಾಗೆ. ನಿಜವಾದ ಕಿಡಿ ಹಾಗೆ ಹಾರುವುದಿಲ್ಲ. ಡಿಸ್ಕ್ ಕಬ್ಬಿಣಕ್ಕೆ ತಾಗಿದ ಜಾಗದಿಂದ, ಅದು ತಿರುಗುವ ದಿಕ್ಕಿಗೇ, ಪಿಚಕಾರಿಯ ಹಾಗೆ ಒಂದೇ ಕಡೆ ಚಿಮ್ಮುತ್ತದೆ. ಕಿಡಿ ಅಂಟಿಸಿದವನು ಗ್ರೈಂಡರ್ ಓಡಿದ್ದನ್ನು ನೋಡಿಲ್ಲ.

ಇಲ್ಲಿವರೆಗೆ ನಗಬಹುದು. ಆದರೆ ಆ ಚಿತ್ರದಲ್ಲಿ ಡಿಸ್ಕಿಗೆ ಮರೆಯಾಗಿ ನಿಲ್ಲುವ ಗಾರ್ಡ್ ಇಲ್ಲ. ಪೆಟ್ಟಿಗೆಯೊಳಗೆ ಇದೆ, ಚಿತ್ರದಲ್ಲಿ ಇಲ್ಲ. ಹೊಳೆಯುವ ಡಿಸ್ಕಿಗೆ ಅಡ್ಡ ಬರುತ್ತದೆ ಅಂತ ತೆಗೆದಿದ್ದಾರೆ. ನಾಲ್ಕು ಇಂಚಿನ ಡಿಸ್ಕ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 200 ಕಿಲೋಮೀಟರ್ ದಾಟಿ ಓಡುತ್ತಿರುತ್ತದೆ. ಒಡೆದರೆ ಚೂರು ಅದೇ ವೇಗದಲ್ಲಿ ಮುಖಕ್ಕೆ ಬರುತ್ತದೆ. ವೆಲ್ಡರ್ ಅಣ್ಣನ ಹತ್ತಿರ ಕೆಲಸ ಕಲಿಯುವ ಹುಡುಗನಿಗೆ ಮ್ಯಾನುಯಲ್ ಓದಲು ಬರುವುದಿಲ್ಲ, ಅದು ಕನ್ನಡದಲ್ಲೂ ಇಲ್ಲ. ಅವನು ನೋಡುವುದು ಚಿತ್ರ. ಗಾರ್ಡ್ ಕಳಚಿ ಮೂಲೆಗೆ ಎಸೆಯಬೇಕು ಅಂತ ಆ ಚಿತ್ರ ಕಲಿಸುತ್ತಿದೆ. ಒಂದು ಫೋಟೋ ಸರಿಯಾಗಿ ತೆಗೆಯಲು ಏನು ದಾಡಿ ಇವರಿಗೆ?

2020ರ ಇ-ಕಾಮರ್ಸ್ ನಿಯಮದ ಪ್ರಕಾರ ಜಾಹೀರಾತು ವಸ್ತುವಿನ ನಿಜ ಗುಣಕ್ಕೆ ಹೊಂದಬೇಕು. ಕಸ್ಟಮರ್ ಕೇರ್‌ಗೆ ಅದನ್ನೇ ಹೇಳಿದೆ. "ಸರ್, ಚಿತ್ರ ಸಾಂದರ್ಭಿಕ" ಅಂದರು. ಪತ್ರಿಕೆಗಳಲ್ಲಿ ಕಳ್ಳ ಸಿಗದಿದ್ದಾಗ ಬೇಡಿಯ ಚಿತ್ರ ಹಾಕಿ ಕೆಳಗೆ ಬರೆಯುತ್ತಾರಲ್ಲ, ಅದೇ ಪದ.

ಕೊನೆಗೆ ವೆಲ್ಡರ್ ಅಣ್ಣನೇ ಬಂದ. ಪ್ಲಗ್ ನೋಡಿ, "ಇದ್ಯಾವ ಸೀಮೆದು ಸಾರ್?" ಅಂದವನೇ ಕತ್ತರಿಸಿ ಎಸೆದ. ಬೀದಿಯ ಅಂಗಡಿಯಿಂದ ಮೂರು ಪಿನ್ನಿನ ಪ್ಲಗ್ ಟಾಪ್ ತಂದು, ಎರಡು ವೈರು ಬಿಗಿದು, ಅರ್ಥಿಂಗ್ ಪಿನ್ನನ್ನು ಬಾಗಿಲು ತೆಗೆಯಲಷ್ಟೇ ಇರಲಿ ಅಂತ ಖಾಲಿ ಬಿಟ್ಟ. ಗಾರ್ಡ್ ಹಾಕು ಅಂತ ನಾನು ಹಟ ಹಿಡಿದೆ, ಗೊಣಗುತ್ತಾ ಹಾಕಿದ. ಗೇಟು ಹತ್ತು ನಿಮಿಷದಲ್ಲಿ ಮುಗಿಯಿತು.

ತುಕ್ಕಿನ ಪುಡಿ ಮೆತ್ತಿದ ಗ್ರೈಂಡರ್, ಹೊಸ ಪ್ಲಗ್, ಗಾರ್ಡ್ ಎಲ್ಲ ಕಾಣುವ ಹಾಗೆ ಒಂದು ಫೋಟೋ ತೆಗೆದು ರಿವ್ಯೂನಲ್ಲಿ ಹಾಕಿದೆ. ಮರುದಿನ ತೆಗೆದುಹಾಕಿದ್ದರು. ಕಾರಣ: ಚಿತ್ರ ಉತ್ಪನ್ನಕ್ಕೆ ಹೊಂದುತ್ತಿಲ್ಲ.