ಪೈಲಟ್ ಅಂದರೆ ಪುಕ್ಕಟೆ ಸ್ಯಾಂಪಲ್ ಅಲ್ಲ

ಮೂರು ವರ್ಷದ ಹಿಂದೆ ಒಬ್ಬ ಖರೀದಿದಾರರು ಸಕಲೇಶಪುರದ ನಮ್ಮ ಕಾಫಿ ತೋಟಕ್ಕೆ ಬಂದಿದ್ದರು. "ಹಣ್ಣಾದದ್ದನ್ನು ಮಾತ್ರ ಕುಯ್ಯಿಸಿ, ನಿಧಾನವಾಗಿ ಒಣಗಿಸಿ. ಕಪ್‌ನಲ್ಲಿ ರುಚಿ ಚೆನ್ನಾಗಿ ಬಂದರೆ ಒಳ್ಳೆ ರೇಟ್ ಕೊಡೋಣ" ಅಂದರು. ನಾವು ಒಪ್ಪಿಕೊಂಡೆವು. ಆಳುಗಳಿಗೆ ಜಾಸ್ತಿ ಕೂಲಿ ಕೊಟ್ಟೆವು, ಕಣದ ಹತ್ತಿರ ಮನೆಯವರೇ ಕಾದೆವು. ಏಪ್ರಿಲ್‌ನಲ್ಲಿ ಸ್ಯಾಂಪಲ್ ಹೋಯಿತು. ಮೇ ಪೂರ್ತಿ ಉತ್ತರವಿಲ್ಲ. ಜೂನ್ ಎರಡನೇ ವಾರ ಒಂದು ಸಾಲಿನ ಮೆಸೇಜ್ ಬಂತು: "ಈ ಸಲ ಅಷ್ಟೊಂದು ಚೆನ್ನಾಗಿಲ್ಲ."

ಯಾವುದಕ್ಕೆ ಹೋಲಿಸಿ ಚೆನ್ನಾಗಿಲ್ಲ? ಅದನ್ನು ಯಾರೂ ಹೇಳಲಿಲ್ಲ. ನಾವೂ ಮೊದಲೇ ಕೇಳಿರಲಿಲ್ಲ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಗೋಡೌನ್‌ನಲ್ಲಿದ್ದ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಹಣ್ಣು, ತೇವ ಎಳೆದುಕೊಂಡಿತ್ತು. ಕೊನೆಗೆ ಅದನ್ನು ಮಾಮೂಲಿ ಮಾಲಿನ ಜೊತೆಗೇ ಮಾರಿದೆವು.

ಈ ವರ್ಷ ಬೆಂಗಳೂರಿನ ಒಬ್ಬ ಕಾಫಿ ರೋಸ್ಟರ್ ಮೇಡಂ ನಮ್ಮ ಐದು ತೋಟಗಳ ರೋಬಸ್ಟಾ ನೋಡಿ ಆಸಕ್ತಿ ತೋರಿಸಿದ್ದಾರೆ. ಈ ಸಲ ಪೈಲಟ್‌ಗೆ, ಅಂದರೆ ಸಣ್ಣ ಪ್ರಮಾಣದ ಪ್ರಯೋಗಕ್ಕೆ, ಮೊದಲ ಪ್ರಸ್ತಾವ ನಮ್ಮ ಕಡೆಯಿಂದಲೇ ಹೋಗಬೇಕು ಅಂತ ಕೂತು ಬರೆದೆ. ಮೂರು ಪುಟ. ಅದರಲ್ಲಿ ಏನಿದೆ, ಯಾಕಿದೆ ಎಂದು ಇಲ್ಲಿ ಹೇಳುತ್ತೇನೆ. ಇಂಥ ಮಾತುಕತೆಯಲ್ಲಿ ನಮ್ಮ ಕಡೆಯ ಸಣ್ಣ ಬೆಳೆಗಾರರು ಬಹಳ ಜನ ಇದ್ದಾರೆ.

ಮೊದಲು ಅಳತೆ. ಐದು ತೋಟ, ಪ್ರತಿ ತೋಟದಿಂದ ಸುಮಾರು 480 ಕೆಜಿ ಹಣ್ಣು. ಅದು ಒಣಗಿದರೆ 200 ಕೆಜಿ ಆಸುಪಾಸು ಚೆರಿ ಆಗುತ್ತದೆ. ಔಟ್‌ಟರ್ನ್ 26ರ ಲೆಕ್ಕ ಹಿಡಿದರೆ, ಅಂದರೆ 50 ಕೆಜಿ ಮೂಟೆಗೆ ಸಿಪ್ಪೆ ತೆಗೆದ 26 ಕೆಜಿ ಬೇಳೆ, ಒಂದು ತೋಟಕ್ಕೆ ನೂರು ಕೆಜಿಗೆ ಸ್ವಲ್ಪ ಮೇಲೆ. ಐದು ತೋಟ ಸೇರಿ 500 ಕೆಜಿ ಬೇಳೆ ಎಂದು ಇಟ್ಟುಕೊಂಡೆ. ಯಾಕೆ ಇನ್ನೂ ಕಡಿಮೆ ಅಲ್ಲ? ಒಣ ಚೆರಿ ಒಂದು ಟನ್ ಅಂದರೆ ಇಪ್ಪತ್ತು ಮೂಟೆ. ಅದಕ್ಕಿಂತ ಚಿಕ್ಕ ಲಾಟನ್ನು ಬೇರೆಯಾಗಿ ಹೊಡೆಸಲು, ಸಿಪ್ಪೆ ಬಿಡಿಸುವ ಕ್ಯೂರಿಂಗ್ ಮಿಲ್ಲಿನಲ್ಲಿ ಒಪ್ಪಿಸುವುದು ಕಷ್ಟ. ಒಪ್ಪಿದರೂ ಮೆಷಿನ್‌ನಲ್ಲಿ ಉಳಿದ ಬೇರೆಯವರ ಕಾಫಿ ನಮ್ಮದರಲ್ಲಿ ಸೇರಿಬಿಡುತ್ತದೆ. ಯಾಕೆ ಜಾಸ್ತಿ ಅಲ್ಲ? ಅದಕ್ಕೆ ಕಾರಣ ನೀರು.

ಹಣ್ಣು ಮಾತ್ರ ಕುಯ್ಯಬೇಕು ಅಂದರೆ ಒಂದೇ ಗಿಡಕ್ಕೆ ಎರಡು ಮೂರು ಸಲ ಹೋಗಬೇಕು. ಕಾಯಿ ಗಿಡದಲ್ಲಿ ಇರುವವರೆಗೆ ಹೂವಿಗೆ ಸ್ಪ್ರಿಂಕ್ಲರ್ ಹಾಕುವಂತಿಲ್ಲ. ರೋಬಸ್ಟಾಕ್ಕೆ ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಹೂವಿನ ನೀರು ಬಿದ್ದರೆ ಮುಂದಿನ ವರ್ಷದ ಬೆಳೆ. ಅಲ್ಲಿ ಹತ್ತು ಹದಿನೈದು ದಿನ ತಡವಾದರೆ, ಕೆರೆ ನೀರೂ ಇಳಿದುಹೋಗಿದ್ದರೆ, ಈ ವರ್ಷದ ಒಳ್ಳೆ ರೇಟಿಗಾಗಿ ಮುಂದಿನ ವರ್ಷದ ಫಸಲನ್ನೇ ಕೊಟ್ಟಂತೆ. ಈ ಖರ್ಚು ಯಾವ ಖರೀದಿದಾರರ ಲೆಕ್ಕದಲ್ಲೂ ಬರುವುದಿಲ್ಲ. ಹಾಗಾಗಿ ಪ್ರಸ್ತಾವದಲ್ಲಿ ಸ್ಪಷ್ಟವಾಗಿ ಬರೆದೆ: ಪ್ರತಿ ತೋಟದಲ್ಲಿ ಒಂದೇ ಬ್ಲಾಕ್. ಎರಡೇ ಸುತ್ತು, ಜನವರಿ ಮಧ್ಯದಲ್ಲಿ ಒಂದು, ಫೆಬ್ರವರಿ ಮೊದಲ ವಾರ ಇನ್ನೊಂದು. ಉಳಿದದ್ದನ್ನು ಮಾಮೂಲಿನಂತೆ ಕಾಯಿ ಹಣ್ಣು ನೋಡದೆ ಒಂದೇ ಸಲ ಎಳೆದು ಮುಗಿಸುತ್ತೇವೆ. ಅದು ಪೈಲಟ್‌ಗೆ ಸೇರುವುದಿಲ್ಲ.

ಒಣಗಿಸುವುದು ನೆಲದಿಂದ ಸೊಂಟದೆತ್ತರಕ್ಕೆ ಕಟ್ಟಿದ ಬಲೆಯ ಅಟ್ಟಣಿಗೆಯಲ್ಲಿ. ನಾಲ್ಕು ಅಡಿ ಅಗಲ, ಇಪ್ಪತ್ತೈದು ಅಡಿ ಉದ್ದ. ಹಣ್ಣನ್ನು ನಾಲ್ಕು ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಒಂದು ಅಟ್ಟಣಿಗೆಗೆ ಸುಮಾರು 240 ಕೆಜಿ ಹಿಡಿಯುತ್ತದೆ. ಸುತ್ತಿಗೆ ಒಂದರಂತೆ ತೋಟಕ್ಕೆ ಎರಡು. ಕುಯ್ದ ಹಣ್ಣು ಅದೇ ಸಂಜೆ ಅಟ್ಟಣಿಗೆ ಏರಬೇಕು. ರಾತ್ರಿ ಚೀಲದಲ್ಲೇ ಇದ್ದರೆ ಬೆಳಿಗ್ಗೆ ಕೈ ಹಾಕಿದಾಗ ಬಿಸಿ ಗೊತ್ತಾಗುತ್ತದೆ, ಹುಳಿ ವಾಸನೆ ಬರುತ್ತದೆ. ಅಂಥ ಚೀಲ ಪೈಲಟ್‌ನಿಂದ ಹೊರಗೆ. ಹಗಲು ಗಂಟೆಗೊಮ್ಮೆ ಕೈಯಾಡಿಸಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಟಾರ್ಪಾಲು ಹಾಕಬೇಕು. ಹದಿನೈದರಿಂದ ಇಪ್ಪತ್ತು ದಿನದಲ್ಲಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನುತ್ತದೆ. ಆದರೆ ಆ ಸದ್ದನ್ನೇ ನಂಬುವಂತಿಲ್ಲ. ಒಂದು ಹಿಡಿ ಚೆರಿಯ ಸಿಪ್ಪೆ ಬಿಡಿಸಿ, ಬೇಳೆಯನ್ನು ತೇವ ಅಳೆಯುವ ಮೀಟರ್‌ಗೆ ಹಾಕಿ ನೋಡಬೇಕು. ಬೇಳೆಗೆ ಹೊಂದಿಸಿದ ಮೀಟರ್‌ಗೆ ಸಿಪ್ಪೆ ಸಮೇತ ಹಾಕಿದರೆ ಬರುವ ಅಂಕಿಗೆ ಅರ್ಥವಿಲ್ಲ. 11 ಶೇಕಡಾಕ್ಕೆ ಇಳಿದ ಮೇಲೆ ಚೀಲಕ್ಕೆ.

ಈಗ ಮುಖ್ಯ ವಿಷಯ. ಗೆದ್ದೆವೋ ಸೋತೆವೋ ಅಂತ ಹೇಗೆ ಗೊತ್ತಾಗುತ್ತದೆ?

ಮೇಡಂ ಮೊದಲು ಹೇಳಿದ್ದು, "ಕಪ್ಪಿಂಗ್‌ನಲ್ಲಿ 80 ಅಂಕ ಬಂದರೆ ಸಾಕು." ಕಪ್ಪಿಂಗ್ ಅಂದರೆ ರುಚಿ ನೋಡಿ ಅಂಕ ಕೊಡುವುದು. ರೋಬಸ್ಟಾದಲ್ಲಿ 100ಕ್ಕೆ 80 ದಾಟಿದರೆ ಅದನ್ನು ಫೈನ್ ರೋಬಸ್ಟಾ ಅನ್ನುತ್ತಾರೆ, ಸರಿ. ಆದರೆ ನಮ್ಮಲ್ಲಿ ಮೂರು ತೋಟದಲ್ಲಿ ಹಳೆಯ ಎಸ್ 274 ತಳಿಯ ಗಿಡ, ಇಬ್ಬರದು ಸಿ×ಆರ್ ತಳಿ. ಒಬ್ಬರ ಮಾಲು ಏನೂ ಮಾಡದೆಯೇ 79 ಬರಬಹುದು. ಇನ್ನೊಬ್ಬರದು 74ರಿಂದ 78ಕ್ಕೆ ಏರಿರಬಹುದು. ನಿಜವಾಗಿ ಕೆಲಸ ಮಾಡಿದ್ದು ಎರಡನೆಯವರ ಅಟ್ಟಣಿಗೆ. 80ರ ಗೆರೆ ಎಳೆದರೆ ಅವರು ಸೋತಂತೆ. ಅದು ಸರಿಯಲ್ಲ ಅಲ್ವಾ?

ಅದಕ್ಕೆ ಪ್ರತಿ ತೋಟದಿಂದಲೂ ಮೂರು ಸ್ಯಾಂಪಲ್ ಕೇಳಿದ್ದೇವೆ. ಮಾಮೂಲಿ ಎಳೆದು ಕಣದಲ್ಲಿ ಒಣಗಿಸಿದ್ದು ಒಂದು. ಹಣ್ಣು ಮಾತ್ರ ಕುಯ್ದು ಕಣದಲ್ಲಿ ಒಣಗಿಸಿದ್ದು ಎರಡು. ಹಣ್ಣು ಮಾತ್ರ ಕುಯ್ದು ಅಟ್ಟಣಿಗೆಯಲ್ಲಿ ಒಣಗಿಸಿದ್ದು ಮೂರು. ಮೂರೂ ಅದೇ ಬ್ಲಾಕಿನವು, ಮೊದಲ ಸುತ್ತಿನ ಅದೇ ದಿನದವು. ಎರಡನೇ ಸ್ಯಾಂಪಲ್ ಯಾಕೆ ಬೇಕು ಅಂತ ನಮ್ಮವರೇ ಒಬ್ಬರು ಕೇಳಿದರು. ಅದಿಲ್ಲದಿದ್ದರೆ ರುಚಿ ಏರಿದ್ದು ಹಣ್ಣು ಆರಿಸಿದ್ದರಿಂದಲೋ ಅಟ್ಟಣಿಗೆಯಿಂದಲೋ ತಿಳಿಯುವುದೇ ಇಲ್ಲ. ಬರೀ ಹಣ್ಣು ಆರಿಸಿದ್ದಕ್ಕೇ ಅಷ್ಟು ಏರಿದ್ದರೆ ಮುಂದಿನ ವರ್ಷ ಅಟ್ಟಣಿಗೆಯ ಖರ್ಚೇ ಬೇಡ.

ಹದಿನೈದು ಸ್ಯಾಂಪಲ್‌ಗೂ ಬರೀ ನಂಬರ್. ಯಾವುದು ಯಾರದು ಎಂಬ ಪಟ್ಟಿ ಲಕೋಟೆಯಲ್ಲಿ ಅಂಟಿಸಿ, ಇಬ್ಬರೂ ಸಹಿ ಹಾಕಿ ಇಡುವುದು. ಒಂದು ಸೆಟ್ ಮೇಡಂ ಅವರ ಲ್ಯಾಬ್‌ನಲ್ಲಿ, ಇನ್ನೊಂದು ಬೆಂಗಳೂರಿನ ಕಾಫಿ ಬೋರ್ಡ್ ಲ್ಯಾಬ್‌ನಲ್ಲಿ. ಕೊಳ್ಳುವವರೇ ರುಚಿ ನೋಡಿ, ಅವರೇ ರೇಟ್ ನಿರ್ಧರಿಸುವುದು ಅವರಿಗೂ ಇಕ್ಕಟ್ಟು. ಇದನ್ನು ಮೇಡಂ ಹತ್ತಿರ ನೇರವಾಗಿ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

ಗೆಲುವು ಅಂದರೆ ಇಷ್ಟು: ಐದರಲ್ಲಿ ನಾಲ್ಕು ತೋಟದಲ್ಲಿ ಮೂರನೇ ಸ್ಯಾಂಪಲ್ ಮೊದಲನೆಯದಕ್ಕಿಂತ ಕನಿಷ್ಠ 3 ಅಂಕ ಮೇಲಿರಬೇಕು. ಎರಡೂ ಲ್ಯಾಬ್‌ನ ಸರಾಸರಿ ಹಿಡಿಯಬೇಕು. ಒಂದು ಅಂಕದ ವ್ಯತ್ಯಾಸ ರುಚಿ ನೋಡುವವರ ನಾಲಿಗೆಯಲ್ಲೇ ಬಂದುಬಿಡುತ್ತದೆ, ಅದನ್ನು ಗೆಲುವು ಅನ್ನಲಾಗದು.

ಹಣದ ವಿಷಯಕ್ಕೆ ಬರುತ್ತೇನೆ. ಒಟ್ಟು ಖರ್ಚಿನ ಅಂದಾಜು 1,16,600 ರೂಪಾಯಿ. ಹತ್ತು ಅಟ್ಟಣಿಗೆಗೆ 45,000. ಹಣ್ಣು ಆರಿಸಿ ಕುಯ್ಯುವುದಕ್ಕೆ ಕೆಜಿಗೆ 4 ರೂಪಾಯಿ ಹೆಚ್ಚುವರಿ ಕೂಲಿ, 9,600. ಕೈಯಾಡಿಸುವ ಆಳಿಗೆ 27,000. ಬೇರೆಯಾಗಿ ಹೊಡೆಸುವುದಕ್ಕೆ 8,000. ಉಳಿದ 27,000 ಮೀಟರ್, ಲ್ಯಾಬ್, ಸಾಗಣೆಗೆ.

ಅರ್ಧ ಅರ್ಧ ಹಂಚೋಣ ಅಂದರೆ ಕೇಳುವುದಕ್ಕೆ ನ್ಯಾಯ. ನನಗೆ ಹಾಗೆ ಅನ್ನಿಸಲಿಲ್ಲ. ಪೈಲಟ್ ಸೋತರೂ ಅಟ್ಟಣಿಗೆ ನಮ್ಮ ಅಂಗಳದಲ್ಲೇ ಇರುತ್ತದೆ, ಮೆಣಸು ಒಣಗಿಸಲಾದರೂ ಆಗುತ್ತದೆ. ಆ 45,000 ನಮ್ಮದು. ಕೂಲಿ, ಲ್ಯಾಬ್, ಕ್ಯೂರಿಂಗ್ ಖರ್ಚು ಮಾಡಿದ ದಿನವೇ ಹೋಯಿತು. ಅದರಿಂದ ಉಳಿಯುವುದು ತಿಳಿವಳಿಕೆ ಮಾತ್ರ. ಅದು ಬೇಕಾಗಿರುವುದು ಹೆಚ್ಚಾಗಿ ರೋಸ್ಟರ್‌ಗೆ. ಆ 71,600 ಅವರದು ಎಂದು ಬರೆದೆ. ಪೈಲಟ್ ಗೆದ್ದರೆ ಅದರಲ್ಲಿನ ಕೂಲಿಯ 36,600ರಲ್ಲಿ ಅರ್ಧವನ್ನು ನಮ್ಮ ಪ್ರೀಮಿಯಂನಲ್ಲಿ, ಅಂದರೆ ಮಾರುಕಟ್ಟೆ ರೇಟಿನ ಮೇಲೆ ಕೊಡುವ ಹೆಚ್ಚುವರಿ ದುಡ್ಡಿನಲ್ಲಿ, ಅವರು ಹಿಡಿದುಕೊಳ್ಳಬಹುದು ಅಂತಲೂ ಸೇರಿಸಿದೆ. ಟಾರ್ಪಾಲು ಹಾಕದೆ, ಚೀಲದಲ್ಲಿ ಹಣ್ಣು ಬಿಟ್ಟು ಯಾರಾದರೂ ಕೆಡಿಸಿದರೆ ಆ ತೋಟದ ಕೂಲಿ ಅವರೇ ತುಂಬಬೇಕು. ನಮ್ಮ ಐದೂ ಜನ ಇದಕ್ಕೆ ಒಪ್ಪಿ ಸಹಿ ಹಾಕಿದ್ದಾರೆ.

ಪ್ರೀಮಿಯಂ ಲೆಕ್ಕದಲ್ಲಿ ನಾನೇ ಮೊದಲು ತಪ್ಪಿದ್ದೆ. ಪೂರ್ತಿ ಖರ್ಚನ್ನು 500 ಕೆಜಿಗೆ ಭಾಗಿಸಿ, ಕೆಜಿಗೆ 233 ರೂಪಾಯಿ ಹೆಚ್ಚು ಬೇಕು ಅಂದುಕೊಂಡು ಗಾಬರಿಯಾಗಿದ್ದೆ. ಅದು ಕಲಿಯುವ ವರ್ಷದ ಖರ್ಚು. ಮೀಟರ್, ಲ್ಯಾಬ್ ಪ್ರತಿ ವರ್ಷ ಹೀಗೆ ಬರುವುದಿಲ್ಲ. ಅಟ್ಟಣಿಗೆ ಮೂರು ಸೀಸನ್ ಬಾಳುತ್ತದೆ, ಹಾಗಾಗಿ ವರ್ಷಕ್ಕೆ 15,000. ಅದಕ್ಕೆ ಕೂಲಿ, ಕ್ಯೂರಿಂಗ್ ಸೇರಿಸಿದರೆ 59,600. ಕೆಜಿಗೆ 119 ರೂಪಾಯಿ. ಆದರೆ ಮೇಡಂ ತೆಗೆದುಕೊಳ್ಳುವುದು ದಪ್ಪ ಬೇಳೆ ಮತ್ತು ಪಿಬಿ, ಅಂದರೆ ಹಣ್ಣಿನಲ್ಲಿ ಒಂದೇ ಬರುವ ಗುಂಡು ಬೇಳೆ ಮಾತ್ರ, ಅಂದಾಜು 425 ಕೆಜಿ. ಸಣ್ಣ ಬೇಳೆ, ಒಡಕು ಮಾಮೂಲಿ ರೇಟಿಗೆ ಹೋಗುತ್ತದೆ. ಅಲ್ಲಿಗೆ ಅದೇ ಖರ್ಚು ಕೆಜಿಗೆ 140 ಆಗುತ್ತದೆ. ಅವರು ಮೊದಲು ಹೇಳಿದ್ದ ಪ್ರೀಮಿಯಂ ಕೆಜಿಗೆ 80 ರೂಪಾಯಿ. ಪೈಲಟ್ ರುಚಿಯಲ್ಲಿ ಗೆದ್ದು ದುಡ್ಡಿನಲ್ಲಿ ಸೋಲುವುದು ಹೀಗೇ. ಆದ್ದರಿಂದ ಎರಡನೇ ಅಳತೆಯನ್ನೂ ಇಟ್ಟೆವು: ಮುಂದಿನ ವರ್ಷಕ್ಕೆ ಮಾರುಕಟ್ಟೆ ರೇಟಿನ ಮೇಲೆ 140ಕ್ಕೆ ಕಡಿಮೆಯಿಲ್ಲದ ಪ್ರೀಮಿಯಂ ಕೊಡಲು ಅವರಿಗೆ ಆಗುತ್ತದೆಯೇ ಇಲ್ಲವೇ. ಆಗದಿದ್ದರೆ ಅಂಕ ಎಷ್ಟೇ ಬರಲಿ, ನಿಲ್ಲಿಸುವುದು. ಪೈಲಟ್ ಲಾಟಿಗೆ ಮಾತ್ರ ಆ 80 ರೂಪಾಯಿ ಸಾಕು. ಕೂಲಿಯ ಭಾರ ಅವರೇ ಹೊತ್ತಿದ್ದಾರಲ್ಲ.

ಅವಧಿ ಜನವರಿ 10ರಿಂದ ಮೇ 15. ಒಣಗಿದ ಚೆರಿ ಮಾರ್ಚ್ ಪೂರ್ತಿ ಹಾಗೇ ಮಲಗಿರಬೇಕು. ಏಪ್ರಿಲ್‌ನಲ್ಲಿ ಕ್ಯೂರಿಂಗ್, ಕಪ್ಪಿಂಗ್. ಮೇ 15ರೊಳಗೆ ಬರಹದಲ್ಲಿ ಉತ್ತರ. ಈ ತಾರೀಖನ್ನು ಬದಲಾಯಿಸಲು ನಾನು ಒಪ್ಪಿಲ್ಲ. ಜೂನ್ ಬಂದರೆ ನಮ್ಮ ಗೋಡೌನ್‌ನಲ್ಲಿ 11 ಇದ್ದದ್ದು 11 ಉಳಿಯುವುದಿಲ್ಲ. ಉತ್ತರ ಬರದಿದ್ದರೆ ಮೇ 16ಕ್ಕೆ ಮಾಲು ಯಾರಿಗೆ ಬೇಕಾದರೂ ಮಾರಲು ನಾವು ಸ್ವತಂತ್ರರು. ಅವರು ಕೊಟ್ಟ ಖರ್ಚು ವಾಪಸ್ ಇಲ್ಲ.

ಮೊನ್ನೆ ಮೇಡಂ ಫೋನ್ ಮಾಡಿದ್ದರು. 140ರ ಬಗ್ಗೆ ಯೋಚಿಸಬೇಕು ಅಂದರು, ಉಳಿದದ್ದಕ್ಕೆ ಒಪ್ಪಿಗೆ. ಸಣ್ಣ ಬೇಳೆ, ಒಡಕನ್ನೂ ಸೇರಿಸಿ ಪೂರ್ತಿ ಲಾಟ್ ತೆಗೆದುಕೊಂಡರೆ 119ಕ್ಕೆ ಇಳಿಸಬಹುದಾ ಎಂದು ಅವರೇ ಕೇಳಿದರು. ಅವನ್ನು ಫಿಲ್ಟರ್ ಕಾಫಿ ಬ್ಲೆಂಡಿಗೆ ಹಾಕಿ ನೋಡುತ್ತಾರಂತೆ. ಲೆಕ್ಕ ಸರಿಯಾಗಿಯೇ ಇದೆ. ಭಾನುವಾರ ಐದೂ ಜನ ನಮ್ಮ ಮನೆಯಲ್ಲಿ ಸೇರುತ್ತೇವೆ. ಒಪ್ಪಿದರೆ ಸೋಮವಾರ ಬಿದಿರು ಕಡಿಸಲು ಶುರು.