ಸಣ್ಣ ಇಶ್ಯೂ ಅಷ್ಟೇ ಸರ್

ವರ್ಷಕ್ಕೊಮ್ಮೆ 354 ರೂಪಾಯಿ ಕಟ್ ಆಗುತ್ತಿತ್ತು. 300 ನಿರ್ವಹಣಾ ಶುಲ್ಕ, 54 ಜಿಎಸ್‌ಟಿ. ವಹಿವಾಟೆಲ್ಲ ಬೇರೆ ಬ್ರೋಕರ್ ಹತ್ತಿರ ಶುರುವಾದ ಮೇಲೆ ಷೇರು ಇಡುವ ಈ ಹಳೇ ಡಿಮ್ಯಾಟ್ ಖಾತೆ ಸುಮ್ನೆ ಯಾಕೆ ಅಂತ ಮುಚ್ಚಲು ಹೊರಟೆ.

"ಷೇರು ಮಾರಿಬಿಡಿ ರೀ, ಸಲೀಸು" ಎಂದಳು ಮನೆಯವಳು. ಮಾರಿದರೆ ಲಾಭಕ್ಕೆ ತೆರಿಗೆ ಬೀಳುತ್ತದಲ್ಲ! ನನ್ನದೇ ಇನ್ನೊಂದು ಡಿಮ್ಯಾಟ್‌ಗೆ ಸಾಗಿಸಿದರೆ ಅದು ಮಾರಾಟವೇ ಅಲ್ಲ. ಮುಚ್ಚುವ ಫಾರ್ಮಿನಲ್ಲೇ ವರ್ಗಾವಣೆಯ ಕಾಲಂ ಇರುತ್ತದೆ. ಹೊಸ ಬ್ರೋಕರ್ ಕೊಡುವ, ಹೊಸ ಖಾತೆಯ ವಿವರವಿರುವ ಕ್ಲೈಂಟ್ ಮಾಸ್ಟರ್ ಪ್ರತಿ ಲಗತ್ತಿಸಬೇಕು. ಎರಡೂ ಕಡೆ ಹೆಸರು, ಪ್ಯಾನ್ ಒಂದೇ ಇದ್ದರೆ ವರ್ಗಾವಣೆಗೆ ಶುಲ್ಕವಿಲ್ಲ. ಇಷ್ಟು ಓದಿಕೊಂಡು, 16 ಅಂಕಿಯ ಖಾತೆ ನಂಬರನ್ನು ಮೂರು ಸಲ ತಾಳೆ ನೋಡಿ ಕೊಟ್ಟು ಬಂದೆ.

ನಾಲ್ಕು ದಿನಕ್ಕೆ ಶಾಖೆಯ ಹುಡುಗನ ಫೋನು. "ಸಣ್ಣ ಇಶ್ಯೂ ಅಷ್ಟೇ ಸರ್. ಈ ವರ್ಷದ 354 ಬಾಕಿ ಇದೆ." ಕಟ್ಟಿದೆ. ಮತ್ತೆ ಫೋನು. "ಸಣ್ಣ ಇಶ್ಯೂ ಸರ್. ತಡವಾಗಿದ್ದಕ್ಕೆ ಬಡ್ಡಿ ಬಿದ್ದಿದೆ. ಲೆಡ್ಜರ್ ಮೈನಸ್ ತೋರಿಸ್ತಿದೆ."

"ಎಷ್ಟಪ್ಪಾ?"

"2 ರೂಪಾಯಿ 10 ಪೈಸೆ."

ಕಟ್ಟಲು ಹೋದರೆ ಆ್ಯಪ್‌ನಲ್ಲಿ ಕನಿಷ್ಠ ಮೊತ್ತ 100. ಹಾಳಾಗಿ ಹೋಗಲಿ ಅಂತ ನೂರು ಹಾಕಿದೆ. ಮಾರನೇ ದಿನ ಅದೇ ಹುಡುಗ, ಅದೇ ಮೃದು ದನಿ. "ಸಣ್ಣ ಇಶ್ಯೂ ಸರ್. ಈಗ 97 ರೂಪಾಯಿ 90 ಪೈಸೆ ಪ್ಲಸ್ ಇದೆ. ಝೀರೋ ಆಗ್ಬೇಕು. ನೀವು ಪೇಔಟ್ ರಿಕ್ವೆಸ್ಟ್ ಹಾಕಿ."

ಸಾಲ ಇದ್ದರೂ ಬಿಡಲ್ಲ, ದುಡ್ಡಿದ್ದರೂ ಬಿಡಲ್ಲ! ಪೇಔಟ್ ಹಾಕಿದೆ. ಬ್ಯಾಂಕಿಗೆ ದುಡ್ಡು ಬಂತು. ಇನ್ನೇನು ಮುಗೀತು ಅಂದುಕೊಳ್ಳುವಷ್ಟರಲ್ಲಿ ಫೋನು. ನಾನೇ ಕೇಳಿದೆ, "ಸಣ್ಣ ಇಶ್ಯೂನಾ?" ಹುಡುಗನಿಗೆ ಖುಷಿಯಾಯಿತು. "ಹೌದು ಸರ್, ಹೇಗ್ ಗೊತ್ತಾಯ್ತು? ಸಹಿ ಮ್ಯಾಚ್ ಆಗ್ತಿಲ್ಲ."

2008ರ ಸಹಿ ಅದು. ಆಗ ಪೂರ್ತಿ ಹೆಸರು ಬರೆದು, ಕೆಳಗೆ ಗೆರೆ ಎಳೆದು, ಎರಡು ಚುಕ್ಕಿ ಇಡುತ್ತಿದ್ದೆ. ಈಗಿನದು ಜಿರಲೆ ಇಂಕಿನಲ್ಲಿ ಬಿದ್ದು ಎದ್ದು ನಡೆದಂತಿದೆ. ಹಳೇ ಚೆಕ್ ಬುಕ್ಕಿನ ಉಳಿದ ಹಾಳೆ ಹುಡುಕಿ, ನನ್ನ ಸಹಿಯನ್ನು ನಾನೇ ಕಳ್ಳನ ಹಾಗೆ ಕಾಪಿ ಹೊಡೆದೆ.

ಕೊನೆಗೂ ಷೇರುಗಳು ಹೊಸ ಖಾತೆಗೆ ಬಂದವು. ಆದರೆ ಕೊಂಡ ಬೆಲೆಯ ಜಾಗ ಖಾಲಿ. ವರ್ಗಾವಣೆಯಲ್ಲಿ ಷೇರು ಬರುತ್ತದೆ, ಅದರ ಬೆಲೆ ಬರುವುದಿಲ್ಲ. ಹಳೇ ಲಾಗಿನ್ ಬಂದ್ ಆಗುವ ಮುಂಚೆ ಕಾಂಟ್ರಾಕ್ಟ್ ನೋಟುಗಳನ್ನು ಇಳಿಸಿಕೊಂಡಿದ್ದು ನಾನು ಮಾಡಿದ ಒಂದೇ ಜಾಣತನ.

ಮೊದಲ ಸಂಬಳದಲ್ಲಿ ಕೊಂಡ ಹತ್ತು ಷೇರಿನ ನೋಟು ಅದರಲ್ಲಿತ್ತು. ದರ, ತಾರೀಖು ನೋಡುತ್ತಾ ಸ್ವಲ್ಪ ಹೊತ್ತು ಕೂತೆ. ಆಮೇಲೆ ಆ ಖಾಲಿ ಜಾಗದಲ್ಲಿ ಬೆಲೆ ಟೈಪ್ ಮಾಡಿದೆ.